ಕರೆಂಟ್ ರೇಶಿಯೋ ಏರಿದೆ ಅಂದ್ರೆ ಕಂಪನಿ ಚೆನ್ನಾಗಿದೆ ಅಂತಾನಾ?

ಪ್ರಶ್ನೆ: ಸರ್, ನಾನು ಬಿಕಾಂ ಫೈನಲ್ ಇಯರ್. ರೇಶಿಯೋ ಲೆಕ್ಕ ಎಲ್ಲಾ ಸರಿ ಬರುತ್ತೆ, ಆದ್ರೆ ಕೊನೇಲಿ ‘ಕಾಮೆಂಟ್ ಮಾಡಿ’ ಅಂತ ಕೇಳಿರ್ತಾರಲ್ಲ, ಅಲ್ಲಿ ‘ಇಂಪ್ರೂವ್ ಆಗಿದೆ, ಸ್ಯಾಟಿಸ್‌ಫ್ಯಾಕ್ಟರಿ’ ಅಂತ ಬರೆದ್ರೆ ಮಾರ್ಕ್ಸೇ ಕೊಡಲ್ಲ. ಯಾವ ರೇಶಿಯೋ ಏರಿದ್ರೆ ಏನರ್ಥ, ಇಳಿದ್ರೆ ಏನರ್ಥ ಅಂತ ಒಂದು ಶೀಟ್ ಥರ ಹೇಳಿಕೊಡ್ತೀರಾ?

ಉತ್ತರ: ಏರಿದ್ರೆ ಒಳ್ಳೇದು, ಇಳಿದ್ರೆ ಕೆಟ್ಟದ್ದು ಅಂತ ಬಾಣ ಹಾಕಿರೋ ಶೀಟುಗಳು ಎಲ್ಲಾ ಜೆರಾಕ್ಸ್ ಅಂಗಡೀಲೂ ಸಿಗುತ್ತವೆ, ಅದನ್ನ ಬಾಯಿಪಾಠ ಮಾಡಿ ಬರೆಯೋರಿಗೇ ಮಾರ್ಕ್ಸ್ ಕಟ್ ಆಗೋದು. ಯಾಕಂದ್ರೆ ರೇಶಿಯೋ ಅಂದ್ರೆ ಒಂದು ಭಿನ್ನರಾಶಿ ಅಷ್ಟೇ, ಮೇಲೊಂದು ಅಂಶ ಕೆಳಗೊಂದು ಛೇದ. ಅದು ಏರಬೇಕಾದ್ರೆ ಮೇಲಿನದ್ದು ಬೆಳೆದಿರಬೇಕು ಇಲ್ಲಾ ಕೆಳಗಿನದ್ದು ಕುಗ್ಗಿರಬೇಕು, ಅಥವಾ ಎರಡೂ ಬೆಳೆದು ಮೇಲಿನದ್ದು ಸ್ವಲ್ಪ ಜೋರಾಗಿ ಬೆಳೆದಿರಬೇಕು, ಇಲ್ಲಾ ಎರಡೂ ಕುಗ್ಗಿ ಕೆಳಗಿನದ್ದು ಜೋರಾಗಿ ಕುಗ್ಗಿರಬೇಕು. ಈ ನಾಲ್ಕರಲ್ಲಿ ಯಾವುದು ನಡೀತು ಅನ್ನೋದೇ ಇಂಟರ್‌ಪ್ರಿಟೇಶನ್. ‘ಏರಿದೆ’ ಅನ್ನೋದು ಲೆಕ್ಕದಲ್ಲೇ ಕಾಣ್ತಿದೆ, ಅದನ್ನ ನೀವು ಮತ್ತೆ ವಾಕ್ಯದಲ್ಲಿ ಹೇಳಿದ್ರೆ ಪೇಪರ್ ನೋಡೋರಿಗೆ ಹೊಸದೇನೂ ಸಿಗಲ್ಲ.

ಹತ್ತಿಪ್ಪತ್ತು ರೇಶಿಯೋಗೆ ಒಂದೊಂದು ಸಾಲು ಬರೆದು ಕೊಡೋದಕ್ಕಿಂತ ಒಂದೇ ಲೆಕ್ಕ ತಗೊಂಡು ಪೂರ್ತಿ ಬಿಡಿಸಿ ತೋರಿಸ್ತೀನಿ. ಪರೀಕ್ಷೆಗೆ ಅಂತಾನೇ ಮಾಡಿದ ಕಾಲ್ಪನಿಕ ಕಂಪನಿ, ಪಂಪ್‌ಸೆಟ್ ಮತ್ತು ಪೈಪ್ ಹೋಲ್‌ಸೇಲ್ ವ್ಯಾಪಾರ, ಅಂಕಿ ಎಲ್ಲಾ ಲಕ್ಷ ರೂಪಾಯಿಲಿ, ಎರಡು ವರ್ಷದ ಮಾರ್ಚ್ 31ರ ಲೆಕ್ಕ.

| ವಿವರ | ಮೊದಲ ವರ್ಷ | ಎರಡನೇ ವರ್ಷ |
|---|---|---|
| ಮಾರಾಟ (ಎಲ್ಲಾ ಉದ್ರಿ) | 600 | 720 |
| ಮಾರಿದ ಸರಕಿನ ವೆಚ್ಚ | 450 | 558 |
| ಗ್ರಾಸ್ ಪ್ರಾಫಿಟ್ | 150 | 162 |
| ಆಪರೇಟಿಂಗ್ ಖರ್ಚು | 90 | 98 |
| ಬಡ್ಡಿ | 10 | 16 |
| ಟ್ಯಾಕ್ಸ್ ಕಳೆದ ಲಾಭ | 37.5 | 36 |
| ಸ್ಟಾಕ್ | 75 | 140 |
| ಡೆಟರ್ಸ್ | 75 | 138 |
| ಕ್ಯಾಶ್ ಮತ್ತು ಬ್ಯಾಂಕ್ | 30 | 7 |
| ಫಿಕ್ಸೆಡ್ ಅಸೆಟ್ಸ್ | 130 | 125 |
| ಕ್ರೆಡಿಟರ್ಸ್ | 60 | 65 |
| ಬ್ಯಾಂಕ್ ಓಡಿ | 20 | 40 |
| ಇತರೆ ಚಾಲ್ತಿ ಬಾಕಿ | 10 | 15 |
| ಟರ್ಮ್ ಲೋನ್ | 70 | 120 |
| ಷೇರುದಾರರ ಹಣ | 150 | 170 |

ಈಗ ಕರೆಂಟ್ ರೇಶಿಯೋ ನೋಡಿ. ಮೊದಲ ವರ್ಷ 180 ಭಾಗಿಸು 90, ಅಂದ್ರೆ 2. ಎರಡನೇ ವರ್ಷ 285 ಭಾಗಿಸು 120, ಅಂದ್ರೆ 2.38. ಸ್ಟಾಕ್ ಬಿಟ್ಟು ಕ್ವಿಕ್ ರೇಶಿಯೋ ತೆಗೆದ್ರೆ 1.17ರಿಂದ 1.21ಕ್ಕೆ ಹೋಗಿದೆ. ಎರಡೂ ಏರಿವೆ, ಎರಡೂ ಪುಸ್ತಕದ 2:1 ಮತ್ತು 1:1 ಗೆರೆ ದಾಟಿವೆ, ನೂರಕ್ಕೆ ತೊಂಬತ್ತು ಜನ ಇಲ್ಲಿ ‘ಲಿಕ್ವಿಡಿಟಿ ಪೊಸಿಶನ್ ಸುಧಾರಿಸಿದೆ’ ಅಂತ ಬರೆದು ಮುಂದೆ ಹೋಗ್ತಾರೆ.

ಆದ್ರೆ ಕ್ಯಾಶ್ ಸಾಲು ನೋಡಿ, 30 ಇದ್ದದ್ದು 7 ಆಗಿದೆ. ಬರೀ ಕ್ಯಾಶನ್ನ ಚಾಲ್ತಿ ಬಾಕಿಗೆ ಭಾಗಿಸಿದ್ರೆ 0.33 ಇದ್ದದ್ದು 0.06ಕ್ಕೆ ಬಿದ್ದಿದೆ. ಅಂದ್ರೆ ಮುಂಚೆ ನೂರು ರೂಪಾಯಿ ಬಾಕಿಗೆ 33 ರೂಪಾಯಿ ಕೈಯಲ್ಲಿತ್ತು, ಈಗ 6 ರೂಪಾಯಿ. ಕರೆಂಟ್ ಅಸೆಟ್ಸ್ 105 ಲಕ್ಷ ಬೆಳೆದಿದ್ದು ನಿಜ, ಆದ್ರೆ ಬೆಳೆದಿದ್ದು ಗೋಡೌನಲ್ಲಿ ಕೂತಿರೋ ಸರಕು ಮತ್ತು ಬೇರೆಯವರ ಹತ್ರ ಬಾಕಿ ಇರೋ ದುಡ್ಡು. ಕರೆಂಟ್ ರೇಶಿಯೋಗೆ ಈ ವ್ಯತ್ಯಾಸ ಗೊತ್ತಾಗಲ್ಲ, ಅದಕ್ಕೆ ಕ್ಯಾಶೂ ಒಂದು ರೂಪಾಯೇ, ಮೂಲೇಲಿ ಧೂಳು ಹಿಡಿದ ಪೈಪೂ ಒಂದು ರೂಪಾಯೇ. ಕ್ವಿಕ್ ರೇಶಿಯೋ ಸರಕನ್ನ ತೆಗೆದು ಹಾಕುತ್ತೆ, ಆದ್ರೆ ವಸೂಲಾಗದ ಡೆಟರ್ಸನ್ನ ಕ್ಯಾಶಿನ ಪಕ್ಕದಲ್ಲೇ ಕೂರಿಸಿರುತ್ತೆ, ಅದಕ್ಕೇ ಅದೂ ಇಲ್ಲಿ ಮೋಸ ಮಾಡಿದೆ.

ಹಾಗೇ ಆ 2:1 ಬಗ್ಗೆ ಒಂದು ಮಾತು. ಅದು ಕಾನೂನೇನೂ ಅಲ್ಲ, ಒಂದು ಹಳೇ ಅಂದಾಜು. ನಮ್ಮಲ್ಲಿ ಬ್ಯಾಂಕುಗಳು ಬಹಳ ಕಾಲ ನೋಡ್ತಿದ್ದದ್ದು 1.33. ರಿಸರ್ವ್ ಬ್ಯಾಂಕ್ 1974ರಲ್ಲಿ ನೇಮಿಸಿದ ಟಂಡನ್ ಸಮಿತಿಯ ಎರಡನೇ ವಿಧಾನದಲ್ಲಿ, ಒಟ್ಟು ಚಾಲ್ತಿ ಆಸ್ತಿಯ ಕಾಲು ಭಾಗವನ್ನ ವ್ಯಾಪಾರಿ ತನ್ನ ದೀರ್ಘಾವಧಿ ಹಣದಿಂದ ಹಾಕಬೇಕು, ಉಳಿದ ಮುಕ್ಕಾಲು ಮಾತ್ರ ಚಾಲ್ತಿ ಬಾಕಿಯಿಂದ ಬರಬಹುದು. 100ನ್ನ 75ಕ್ಕೆ ಭಾಗಿಸಿ ನೋಡಿ, 1.33 ಬರುತ್ತೆ. ಇದನ್ನ ಬರೆದ್ರೆ ನಿಮಗೆ ಮಾನದಂಡ ಎಲ್ಲಿಂದ ಬಂತು ಅನ್ನೋದು ಗೊತ್ತಿದೆ ಅಂತ ಕಾಣುತ್ತೆ. ಆಮೇಲೆ ದಿನಸಿ ಸೂಪರ್‌ಮಾರ್ಕೆಟ್ ಥರದ ವ್ಯಾಪಾರದಲ್ಲಿ ಗಿರಾಕಿ ಕೌಂಟರಲ್ಲೇ ದುಡ್ಡು ಕೊಡ್ತಾನೆ, ಸಪ್ಲೈಯರ್‌ಗೆ ಆಮೇಲೆ ಕೊಟ್ರೆ ಆಯ್ತು, ಅಂಥ ಕಡೆ ಕರೆಂಟ್ ರೇಶಿಯೋ 1ರ ಆಸುಪಾಸು ಇದ್ರೂ ತೊಂದ್ರೆ ಇರಲ್ಲ. ಹಾಗಾಗಿ ರೇಶಿಯೋ ಇಳಿದ ತಕ್ಷಣ ಅಪಾಯ ಅಂತಾನೂ ಬರೀಬೇಡಿ, ಯಾವ ವ್ಯಾಪಾರ ಅಂತ ಮೊದಲು ನೋಡಿ.

ಸರಿ, ಕರೆಂಟ್ ಅಸೆಟ್ಸ್ ಒಳಗೆ ಏನೋ ಊದಿಕೊಂಡಿದೆ ಅಂತ ಗೊತ್ತಾದ ಮೇಲೆ ಹೋಗಬೇಕಾದ ಜಾಗ ಟರ್ನೋವರ್ ರೇಶಿಯೋಗಳು. ಸ್ಟಾಕ್ ಟರ್ನೋವರ್ 450 ಭಾಗಿಸು 75, 6 ಸಲ ಇತ್ತು. ಈಗ 558 ಭಾಗಿಸು 140, ಹೆಚ್ಚುಕಮ್ಮಿ 4 ಸಲ. ಇದನ್ನ ದಿನಕ್ಕೆ ಬದಲಾಯಿಸಿ ಬರೆಯೋದು ರೂಢಿ ಮಾಡ್ಕೊಳ್ಳಿ, 365ನ್ನ ಭಾಗಿಸಿದ್ರೆ ಆಯ್ತು, ಸರಕು ಮುಂಚೆ 61 ದಿನಕ್ಕೆ ಖಾಲಿ ಆಗ್ತಿತ್ತು, ಈಗ 92 ದಿನ ಬೇಕು. ‘ಟರ್ನೋವರ್ 6ರಿಂದ 4ಕ್ಕೆ’ ಅಂದ್ರೆ ಯಾರಿಗೂ ಏನೂ ಅನ್ನಿಸಲ್ಲ, ‘ಗೋಡೌನಲ್ಲಿ ಸರಕು ಇನ್ನೂ ಒಂದು ತಿಂಗಳು ಜಾಸ್ತಿ ಕೂರ್ತಿದೆ’ ಅಂದ್ರೆ ಅರ್ಥ ಆಗುತ್ತೆ. ಇಲ್ಲಿ ಮೇಲೆ ಕೆಳಗೆ ಎರಡೂ ಏರಿವೆ, ಮಾರಿದ ಸರಕಿನ ವೆಚ್ಚ ಶೇ 24 ಬೆಳೆದಿದೆ, ಸ್ಟಾಕ್ ಶೇ 87 ಬೆಳೆದಿದೆ. ಆ ವೆಚ್ಚ ಬೆಳೆದಷ್ಟೇ ಸ್ಟಾಕ್ ಬೆಳೆದಿದ್ರೆ ರೇಶಿಯೋ ಅಲ್ಲಾಡ್ತಾನೇ ಇರಲಿಲ್ಲ. ಅಂದ್ರೆ ಮಾರಾಟದ ಅಂದಾಜಿಗಿಂತ ಬಹಳ ಜಾಸ್ತಿ ಖರೀದಿ ಮಾಡಿದ್ದಾರೆ, ಅಥವಾ ಓಡದೇ ಇರೋ ಮಾಡೆಲ್‌ಗಳು ಹಾಗೇ ಉಳಿದಿವೆ.

(ಸೂತ್ರದಲ್ಲಿ ಸರಾಸರಿ ಸ್ಟಾಕ್ ಅಂತ ಇರುತ್ತೆ, ಓಪನಿಂಗ್ ಕೊಟ್ಟಿದ್ರೆ ಸರಾಸರೀನೇ ತಗೊಳ್ಳಿ. ನಾನು ಎರಡು ವರ್ಷಕ್ಕೂ ಒಂದೇ ರೀತಿ ಇರಲಿ ಅಂತ ಕ್ಲೋಸಿಂಗ್ ತಗೊಂಡಿದ್ದೀನಿ. ಯಾವುದನ್ನ ತಗೊಂಡಿದ್ದೀರಿ ಅಂತ ಒಂದು ಸಾಲು ಬರೆದುಬಿಡಿ, ಒಂದು ವರ್ಷಕ್ಕೆ ಸರಾಸರಿ ಇನ್ನೊಂದು ವರ್ಷಕ್ಕೆ ಕ್ಲೋಸಿಂಗ್ ಮಾತ್ರ ಮಾಡಬೇಡಿ.)

ಡೆಟರ್ಸ್ ಕಥೆ ಇನ್ನೂ ಸ್ಪಷ್ಟ. ಮಾರಾಟ ಶೇ 20 ಜಾಸ್ತಿ, ಡೆಟರ್ಸ್ ಶೇ 84 ಜಾಸ್ತಿ. ವಸೂಲಿ ದಿನ 46 ಇದ್ದದ್ದು 70 ಆಗಿದೆ. ಇದಕ್ಕೆ ಎರಡು ಕಾರಣ ಇರಬಹುದು ಮತ್ತು ಎರಡಕ್ಕೂ ಅರ್ಥ ಬೇರೆ. ಒಂದು, ಕಂಪನೀನೇ ಬೇಕು ಅಂತ ಡೀಲರ್‌ಗಳಿಗೆ ಉದ್ರಿ ಅವಧಿ ಜಾಸ್ತಿ ಮಾಡಿದೆ, ಮಾರಾಟ ಹೆಚ್ಚಿಸೋಕೆ. ಇನ್ನೊಂದು, ಅವಧಿ ಅಷ್ಟೇ ಇದೆ, ಆದ್ರೆ ಜನ ದುಡ್ಡು ಕೊಡ್ತಿಲ್ಲ. ಮೊದಲನೇದು ಪಾಲಿಸಿ, ಎರಡನೇದು ಕಾಯಿಲೆ. ಬರೀ ರೇಶಿಯೋ ನೋಡಿ ಯಾವುದು ಅಂತ ಹೇಳೋಕೆ ಆಗಲ್ಲ, ಡೆಟರ್ಸ್ ಏಜಿಂಗ್ ಪಟ್ಟಿ ಬೇಕು, ಅಂದ್ರೆ ಯಾರ ಬಾಕಿ ಎಷ್ಟು ದಿನದ್ದು ಅನ್ನೋ ಪಟ್ಟಿ. ‘ಏಜಿಂಗ್ ನೋಡದೆ ತೀರ್ಮಾನ ಮಾಡೋಕಾಗಲ್ಲ’ ಅಂತ ಉತ್ತರದಲ್ಲಿ ಬರೆದ್ರೆ ಅದು ದೌರ್ಬಲ್ಯ ಅಲ್ಲ, ಅದೇ ಸರಿಯಾದ ಉತ್ತರ.

ಆದ್ರೆ ಇಲ್ಲಿ ಒಂದು ಸುಳಿವು ಇದೆ, ಗ್ರಾಸ್ ಪ್ರಾಫಿಟ್ ರೇಶಿಯೋ. ಅದು ಶೇ 25ರಿಂದ ಶೇ 22.5ಕ್ಕೆ ಇಳಿದಿದೆ. ಗ್ರಾಸ್ ಪ್ರಾಫಿಟ್ ರೇಶಿಯೋ ಇಳಿಯೋದು ಮಾರೋ ಬೆಲೆ ಕಮ್ಮಿ ಮಾಡಿದಾಗ, ಕೊಳ್ಳೋ ಬೆಲೆ ಏರಿದಾಗ, ಕಮ್ಮಿ ಮಾರ್ಜಿನ್ ಇರೋ ಐಟಂ ಜಾಸ್ತಿ ಹೋದಾಗ, ಇಲ್ಲಾ ಕ್ಲೋಸಿಂಗ್ ಸ್ಟಾಕ್ ಕಮ್ಮಿ ಬೆಲೆಗೆ ಹಿಡಿದಾಗ. ಆಫೀಸ್ ಬಾಡಿಗೆಗೂ ಇದಕ್ಕೂ ಸಂಬಂಧ ಇಲ್ಲ, ಅದು ಗೆರೆ ಕೆಳಗಿನ ಖರ್ಚು, ತುಂಬಾ ಜನ ‘ಖರ್ಚು ಜಾಸ್ತಿ ಆದದ್ದರಿಂದ ಜಿಪಿ ಇಳಿದಿದೆ’ ಅಂತ ಬರೆದು ಅಲ್ಲೇ ಸಿಕ್ಕಿಬೀಳ್ತಾರೆ. ಈಗ ಮೂರನ್ನೂ ಜೊತೆಗಿಟ್ಟು ಓದಿ: ಮಾರಾಟ ಶೇ 20 ಏರಿದೆ, ಮಾರ್ಜಿನ್ ಇಳಿದಿದೆ, ವಸೂಲಿ ದಿನ ಏರಿದೆ. ಬೆಲೆ ಬಿಟ್ಟುಕೊಟ್ಟು, ಉದ್ರಿನೂ ಉದ್ದ ಮಾಡಿ ಮಾರಾಟ ತಂದಿದ್ದಾರೆ ಅನ್ನೋದು ಹೆಚ್ಚು ಸಂಭವ. ಅಷ್ಟು ಮಾಡಿಯೂ ಸ್ಟಾಕ್ ಉಳಿದಿದೆ ಅನ್ನೋದು ಇನ್ನೂ ಯೋಚನೆ ಮಾಡೋ ವಿಷಯ.

ಇದರ ಉಲ್ಟಾ ಕೇಸು ಕೂಡ ಗೊತ್ತಿರಲಿ, ಪರೀಕ್ಷೇಲಿ ಕೇಳ್ತಾರೆ. ಗ್ರಾಸ್ ಪ್ರಾಫಿಟ್ ರೇಶಿಯೋ ಏರಿದೆ, ಅದೇ ವರ್ಷ ಸ್ಟಾಕ್ ಟರ್ನೋವರ್ ಬಿದ್ದಿದೆ ಅಂದ್ರೆ ಸಂತೋಷ ಪಡೋಕೆ ಮುಂಚೆ ಕ್ಲೋಸಿಂಗ್ ಸ್ಟಾಕ್ ವ್ಯಾಲ್ಯುಯೇಶನ್ ನೋಡಬೇಕು. ಕ್ಲೋಸಿಂಗ್ ಸ್ಟಾಕಿಗೆ ಹತ್ತು ಲಕ್ಷ ಜಾಸ್ತಿ ಬರೆದ್ರೆ ಮಾರಿದ ಸರಕಿನ ವೆಚ್ಚ ಹತ್ತು ಲಕ್ಷ ಇಳಿಯುತ್ತೆ, ಲಾಭ ಹತ್ತು ಲಕ್ಷ ಏರುತ್ತೆ, ಸ್ಟಾಕ್ ನಿಧಾನ ಓಡ್ತಿರೋ ಹಾಗೆ ಕಾಣುತ್ತೆ, ಎಲ್ಲಾ ಒಂದೇ ಎಂಟ್ರಿಯಿಂದ.

ಆಪರೇಟಿಂಗ್ ಖರ್ಚಿನ ರೇಶಿಯೋ ನೋಡಿದ್ರೆ ಶೇ 15 ಇದ್ದದ್ದು ಶೇ 13.6ಕ್ಕೆ ಇಳಿದಿದೆ. ಖರ್ಚಿನ ರೇಶಿಯೋ ಇಳಿದ್ರೆ ಒಳ್ಳೇದು ಅಂತ ಬಾಣದ ಶೀಟ್ ಹೇಳುತ್ತೆ. ಸ್ವಲ್ಪ ಮಟ್ಟಿಗೆ ನಿಜಾನೇ, ಬಾಡಿಗೆ ಸಂಬಳ ಎಲ್ಲಾ ಮಾರಾಟದಷ್ಟೇ ಏರಲ್ಲ, ಹಾಗಾಗಿ ಮಾರಾಟ ಬೆಳೆದ್ರೆ ಈ ರೇಶಿಯೋ ತಾನಾಗೇ ಇಳಿಯುತ್ತೆ. ಆದ್ರೆ ನಾನಾಗಿದ್ರೆ ಇಲ್ಲಿ ಒಂದು ಪ್ರಶ್ನೆ ಕೇಳ್ತೀನಿ: ಡೆಟರ್ಸ್ ಹತ್ತಿರ ಹತ್ತಿರ ಡಬಲ್ ಆಗಿದ್ದಾರೆ, ಬ್ಯಾಡ್ ಡೆಟ್ಸ್ ಪ್ರಾವಿಷನ್ ಅದೇ ಪ್ರಮಾಣದಲ್ಲಿ ಏರಿದ್ಯಾ? ಏರಿಲ್ಲ ಅಂದ್ರೆ ಈ ಉಳಿತಾಯ ಕಾಗದದ ಮೇಲಿನದ್ದು, ಮುಂದಿನ ವರ್ಷದ ಖರ್ಚನ್ನ ಈ ವರ್ಷ ತೋರಿಸಿಲ್ಲ ಅಷ್ಟೇ. ಒಟ್ಟಿನಲ್ಲಿ ಬಡ್ಡಿ ಮತ್ತು ಟ್ಯಾಕ್ಸಿಗೆ ಮುಂಚಿನ ಲಾಭ 60ರಿಂದ 64 ಲಕ್ಷ ಆಗಿದೆ, ರೂಪಾಯಿಲಿ ಏರಿಕೆ, ಮಾರಾಟದ ಶೇಕಡದಲ್ಲಿ 10ರಿಂದ 8.9ಕ್ಕೆ ಇಳಿಕೆ. ಎರಡನ್ನೂ ಬರೀರಿ, ಒಂದನ್ನೇ ಬರೆದ್ರೆ ಅರ್ಧ ಕಥೆ.

ಕ್ರೆಡಿಟರ್ಸ್ ಕಡೆ ಬನ್ನಿ. ಖರೀದಿ ಅಂಕಿ ಕೊಟ್ಟಿಲ್ಲ ಅಂದ್ಕೊಂಡು ಮಾರಿದ ಸರಕಿನ ವೆಚ್ಚದ ಮೇಲೆ ಲೆಕ್ಕ ಹಾಕಿದ್ರೆ ಪಾವತಿ ದಿನ 49ರಿಂದ 43ಕ್ಕೆ ಇಳಿದಿದೆ. ಪಾವತಿ ದಿನ ಇಳಿದ್ರೆ ಕ್ಯಾಶ್ ಡಿಸ್ಕೌಂಟ್ ಸಿಗುತ್ತೆ ಅಂತ ಬೇಗ ಕೊಡ್ತಿದ್ದಾರೆ ಅಂತಾನೂ ಓದಬಹುದು, ಸಪ್ಲೈಯರ್‌ಗಳು ಮುಂಚಿನಷ್ಟು ಉದ್ರಿ ಕೊಡ್ತಿಲ್ಲ ಅಂತಾನೂ ಓದಬಹುದು. ಬ್ಯಾಂಕಲ್ಲಿ 7 ಲಕ್ಷ ಇಟ್ಕೊಂಡು ಓಡಿ ಡಬಲ್ ಮಾಡ್ಕೊಂಡವರು ಖುಷಿಯಿಂದ ಬೇಗ ಕೊಡ್ತಿದ್ದಾರೆ ಅಂತ ನಂಬೋದು ಕಷ್ಟ, ಹಾಗಾಗಿ ನಾನು ಎರಡನೇದರ ಕಡೆ ವಾಲ್ತೀನಿ.

ಈ ಮೂರು ದಿನಗಳನ್ನ ಸೇರಿಸಿದ್ರೆ ಒಂದು ಒಳ್ಳೇ ಅಂಕಿ ಸಿಗುತ್ತೆ, ಆಪರೇಟಿಂಗ್ ಸೈಕಲ್ಲಿಂದ ಪಾವತಿ ದಿನ ಕಳೆದದ್ದು, ಕ್ಯಾಶ್ ಕನ್ವರ್ಷನ್ ಸೈಕಲ್ ಅಂತಾರೆ. ಮೊದಲ ವರ್ಷ 61 ಕೂಡಿಸು 46 ಕಳೆ 49, 58 ದಿನ. ಎರಡನೇ ವರ್ಷ 92 ಕೂಡಿಸು 70 ಕಳೆ 43, 119 ದಿನ. ಸರಕಿಗೆ ಹಾಕಿದ ಒಂದು ರೂಪಾಯಿ ಮುಂಚೆ ಎರಡು ತಿಂಗಳೊಳಗೆ ಕೈಗೆ ವಾಪಸ್ ಬರ್ತಿತ್ತು, ಈಗ ನಾಲ್ಕು ತಿಂಗಳು ಬೇಕು. ಆ ಮಧ್ಯದ ದಿನಗಳಿಗೆ ಯಾರೋ ದುಡ್ಡು ಕೊಡಬೇಕಲ್ಲ, ಯಾರು ಕೊಟ್ರು?

ಅದಕ್ಕೆ ಉತ್ತರ ಸಾಲದ ಸಾಲಲ್ಲಿದೆ. ಟರ್ಮ್ ಲೋನ್ 70ರಿಂದ 120 ಆಗಿದೆ, 50 ಲಕ್ಷ ಹೊಸ ಸಾಲ. ಟರ್ಮ್ ಲೋನ್ ಅಂದ್ರೆ ಸಾಮಾನ್ಯವಾಗಿ ಕಟ್ಟಡ, ಮಷೀನು, ಗಾಡಿ ಅಂತ ಅಂದ್ಕೊಳ್ತೀವಿ, ಆದ್ರೆ ಫಿಕ್ಸೆಡ್ ಅಸೆಟ್ಸ್ 130 ಇದ್ದದ್ದು 125 ಆಗಿದೆ, ಡಿಪ್ರಿಸಿಯೇಶನ್ ಕಳೆದದ್ದು ಬಿಟ್ರೆ ಅಲ್ಲಿ ಏನೂ ಹೊಸದು ಬಂದಿಲ್ಲ. ಹಾಗಾದ್ರೆ ಆ 50 ಲಕ್ಷ ಹೋಗಿದ್ದು ಸ್ಟಾಕಿಗೆ ಮತ್ತು ಡೆಟರ್ಸಿಗೆ. ಕರೆಂಟ್ ರೇಶಿಯೋ ಏರಿದ್ದರ ಗುಟ್ಟು ಇದೇ. ದೀರ್ಘಾವಧಿ ಸಾಲ ಕರೆಂಟ್ ಲಯಬಿಲಿಟೀಸ್ ಒಳಗೆ ಬರಲ್ಲ, ಮುಂದಿನ ಹನ್ನೆರಡು ತಿಂಗಳಲ್ಲಿ ಕಟ್ಟಬೇಕಾದ ಕಂತು ಬಿಟ್ರೆ. ಆದ್ರೆ ಅದರಿಂದ ಬಂದ ಸರಕು ಕರೆಂಟ್ ಅಸೆಟ್ಸ್ ಒಳಗೆ ಬರುತ್ತೆ. ಮೇಲೆ ಸೇರ್ತು, ಕೆಳಗೆ ಸೇರಲಿಲ್ಲ. ಇದೇ 50 ಲಕ್ಷವನ್ನ ಓಡಿಯಲ್ಲಿ ತಗೊಂಡಿದ್ರೆ ಕೆಳಗಡೆ 120ರ ಬದಲು 170 ಇರ್ತಿತ್ತು, ರೇಶಿಯೋ 285 ಭಾಗಿಸು 170, 1.68. ಅಂದ್ರೆ ವ್ಯಾಪಾರದಲ್ಲಿ ಒಂದು ಕಡ್ಡೀನೂ ಬದಲಾಗದೆ, ಸಾಲದ ಹೆಸರು ಬದಲಾಗಿದ್ದಕ್ಕೇ ‘2ರಿಂದ 1.68ಕ್ಕೆ ಬಿದ್ದಿದೆ’ ಅನ್ನೋದು ‘2.38ಕ್ಕೆ ಏರಿದೆ’ ಆಗಿದೆ.

ಲಾಭ ಬಂದಿದೆಯಲ್ಲ ಅದೆಲ್ಲಿ ಹೋಯ್ತು ಅಂತ ಕೇಳಿದ್ರೆ ಕ್ಯಾಶ್ ಫ್ಲೋ ಒಂದು ಸಲ ಮಾಡಿ ನೋಡಿ, ಐದು ನಿಮಿಷದ ಕೆಲಸ. ಲಾಭ 36, ಡಿಪ್ರಿಸಿಯೇಶನ್ 5 ಕೂಡಿಸಿ 41. ಅದರಲ್ಲಿ ಸ್ಟಾಕಿಗೆ 65 ಹೋಯ್ತು, ಡೆಟರ್ಸಿಗೆ 63 ಹೋಯ್ತು, ಕ್ರೆಡಿಟರ್ಸ್ ಮತ್ತು ಇತರೆ ಬಾಕಿಯಿಂದ 10 ಬಂತು. ಉಳಿದದ್ದು ಮೈನಸ್ 77 ಲಕ್ಷ. ಅದನ್ನ ತುಂಬಿಸೋಕೆ ಟರ್ಮ್ ಲೋನ್ 50, ಓಡಿ 20 ತಗೊಂಡ್ರು, ಅದರ ಮೇಲೆ 16 ಲಕ್ಷ ಡಿವಿಡೆಂಡ್ ಬೇರೆ ಕೊಟ್ಟಿದ್ದಾರೆ (150ಕ್ಕೆ 36 ಸೇರಿದ್ರೆ 186 ಆಗಬೇಕಿತ್ತು, ಇರೋದು 170). ಕೊನೇಲಿ ಕ್ಯಾಶ್ 23 ಲಕ್ಷ ಕಮ್ಮಿ ಆಯ್ತು, 30ರಿಂದ 7, ಲೆಕ್ಕ ಕೂಡಿ ಬಂತು. ವ್ಯಾಪಾರದಿಂದ ದುಡ್ಡು ಬರ್ತಿಲ್ಲ, ಸಾಲ ತಂದು ಡಿವಿಡೆಂಡ್ ಹಂಚಿದ್ದಾರೆ.

ಡೆಟ್ ಈಕ್ವಿಟಿ ರೇಶಿಯೋ 0.47ರಿಂದ 0.71. ಇದು 1ಕ್ಕಿಂತ ಕೆಳಗಿದೆ ಅಂತ ನೋಡಿದ್ರೆ ಏನೂ ಗಾಬರಿ ಇಲ್ಲ, ಆದ್ರೆ ಒಂದೇ ವರ್ಷದಲ್ಲಿ ಅರ್ಧದಷ್ಟು ಏರಿದೆ, ಮತ್ತೆ ಓಡಿನೂ ಬಡ್ಡಿ ಕಟ್ಟೋ ಸಾಲಾನೇ, ಅದನ್ನ ಸೇರಿಸಿದ್ರೆ 0.60ರಿಂದ 0.94. ಇಂಟರೆಸ್ಟ್ ಕವರೇಜ್ 6 ಸಲದಿಂದ 4 ಸಲಕ್ಕೆ ಇಳಿದಿದೆ. ನ್ಯಾಯವಾಗಿ ಹೇಳಬೇಕಂದ್ರೆ 4 ಸಲ ಅನ್ನೋದು ಕೆಟ್ಟದ್ದಲ್ಲ, ಲಾಭ ಮುಕ್ಕಾಲು ಭಾಗ ಬಿದ್ರೂ ಬಡ್ಡಿ ಕಟ್ಟಬಹುದು. ಆದ್ರೆ ಕವರೇಜ್ ನೋಡೋದು ಲಾಭವನ್ನ, ಬ್ಯಾಂಕ್ ತಗೊಳ್ಳೋದು ಕ್ಯಾಶನ್ನ. ಅಸಲಿನ ಕಂತಿನ ಬಗ್ಗೆ ಈ ರೇಶಿಯೋ ಬಾಯೇ ಬಿಡಲ್ಲ, ಅದಕ್ಕೆ ಡೆಟ್ ಸರ್ವಿಸ್ ಕವರೇಜ್ ಬೇರೆ ಇದೆ. ಹಾಗಾಗಿ ‘ದಿವಾಳಿ ಆಗ್ತಿದೆ’ ಅಂತೆಲ್ಲಾ ಬರೆಯೋಕೆ ಹೋಗಬೇಡಿ, ಅಷ್ಟು ದೂರ ಈ ಅಂಕಿಗಳು ಹೋಗಿಲ್ಲ.

ಕೊನೆಗೆ ರಿಟರ್ನ್. ಷೇರುದಾರರ ಹಣದ ಮೇಲೆ ಲಾಭ ಶೇ 25ರಿಂದ ಶೇ 21.2 ಆಗಿದೆ. ಇಳಿದಿದೆ ಸರಿ, ಆದ್ರೆ ಯಾಕೆ ಅಂತ ಬಿಡಿಸೋಕೆ ಡ್ಯುಪಾಂಟ್ ವಿಧಾನ ಇದೆ, ಮೂರು ತುಂಡು ಮಾಡಿ ಗುಣಿಸೋದು. ನೆಟ್ ಮಾರ್ಜಿನ್ ಶೇ 6.25ರಿಂದ 5ಕ್ಕೆ ಇಳಿದಿದೆ. ಒಟ್ಟು ಆಸ್ತಿ ಟರ್ನೋವರ್ 1.94ರಿಂದ 1.76ಕ್ಕೆ ಇಳಿದಿದೆ. ಮೂರನೇದು, ಒಟ್ಟು ಆಸ್ತಿ ಭಾಗಿಸು ಷೇರುದಾರರ ಹಣ, ಅದು ಮಾತ್ರ 2.07ರಿಂದ 2.41ಕ್ಕೆ ಏರಿದೆ. ಎರಡು ಇಳಿದಿವೆ, ಏರಿರೋದು ಸಾಲದ ಭಾಗ ಒಂದೇ. ಆ ಸಾಲದ ಪ್ರಮಾಣ ಹಳೇ ವರ್ಷದಷ್ಟೇ ಇದ್ದಿದ್ರೆ 5ನ್ನ 1.76ರಿಂದ, ಆಮೇಲೆ 2.07ರಿಂದ ಗುಣಿಸಿ ನೋಡಿ, ಶೇ 18ರ ಹತ್ರ ಬರುತ್ತೆ. ಅಂದ್ರೆ ವ್ಯಾಪಾರ ಇನ್ನೂ ಜಾಸ್ತಿ ಕುಸಿದಿತ್ತು, ಸಾಲ ಸ್ವಲ್ಪ ಮುಚ್ಚಿ ಹಾಕಿದೆ. ಹೊಸ ಸಾಲ ಲೆಕ್ಕಕ್ಕೆ ತಗೊಂಡ್ರೂ ಆ ಮುಸುಕಿಲ್ಲದೆ ಕಾಣೋದು ಆರ್‌ಓಸಿಇ, ಒಟ್ಟು ದೀರ್ಘಾವಧಿ ಬಂಡವಾಳದ ಮೇಲಿನ ಲಾಭ, ಶೇ 27.3ರಿಂದ ಶೇ 22.1. ರಿಟರ್ನ್ ಆನ್ ಈಕ್ವಿಟಿ ಏರಿ ಆರ್‌ಓಸಿಇ ಇಳಿದಿರೋ ಲೆಕ್ಕ ಬಂದ್ರೆ ಕಣ್ಣುಮುಚ್ಚಿ ಸಾಲದ ಕಡೆ ನೋಡಿ.

ಈಗ ಕಂಪನಿ ಪರವಾಗಿ ಏನು ಹೇಳಬಹುದು ಅಂತಾನೂ ಬರೀಬೇಕು. ಪಂಪ್‌ಸೆಟ್ಟಿಗೆ ಬೇಸಿಗೆಯಲ್ಲಿ ಬೇಡಿಕೆ ಇರುತ್ತೆ, ಲೆಕ್ಕ ಮುಗಿಯೋದು ಮಾರ್ಚ್ 31ಕ್ಕೆ, ಹಾಗಾಗಿ ಆ ದಿನ ಗೋಡೌನ್ ತುಂಬಿರೋದು ಸಹಜ. ಆದ್ರೆ ಹುಷಾರು, ಎರಡೂ ವರ್ಷದ ಲೆಕ್ಕ ಮಾರ್ಚ್ 31ರದ್ದೇ, ಹೋದ ವರ್ಷದ ಮಾರ್ಚಲ್ಲೂ ಬೇಸಿಗೆ ಇತ್ತು. ಸೀಸನ್ ಅನ್ನೋದು ಸ್ಟಾಕ್ ಯಾಕೆ ಜಾಸ್ತಿ ಇದೆ ಅಂತ ಹೇಳುತ್ತೆ, ಹೋದ ವರ್ಷಕ್ಕಿಂತ ಯಾಕೆ ಜಾಸ್ತಿ ಅಂತ ಹೇಳಲ್ಲ. ಅದಕ್ಕೆ ಬೇರೆ ಕಾರಣ ಬೇಕು, ಬೆಲೆ ಏರುತ್ತೆ ಅಂತ ಮುಂಗಡ ಖರೀದಿನೋ, ಹೊಸ ಜಿಲ್ಲೆಗೆ ವ್ಯಾಪಾರ ವಿಸ್ತರಣೆನೋ, ದೊಡ್ಡ ಆರ್ಡರ್ ಕೈಯಲ್ಲಿದೆಯೋ. ಪ್ರಶ್ನೇಲಿ ಅಂಥ ಮಾಹಿತಿ ಒಂದು ಸಾಲಿದ್ರೂ ನಿಮ್ಮ ತೀರ್ಮಾನ ಪೂರ್ತಿ ತಿರುಗಬಹುದು, ಅದಕ್ಕೇ ಪ್ರಶ್ನೆಯ ಟಿಪ್ಪಣಿಗಳನ್ನ ಬಿಡದೆ ಓದಿ.

ಇನ್ನು ಬಿಡಿ ಪ್ರಶ್ನೆಯಾಗಿ ಪದೇ ಪದೇ ಬರೋದು ಒಂದಿದೆ: ಕ್ಯಾಶಿಂದ ಕ್ರೆಡಿಟರ್ಸಿಗೆ ಕೊಟ್ರೆ ಕರೆಂಟ್ ರೇಶಿಯೋ ಏನಾಗುತ್ತೆ? ರೇಶಿಯೋ 1ಕ್ಕಿಂತ ಮೇಲಿದ್ರೆ ಏರುತ್ತೆ, ಕೆಳಗಿದ್ರೆ ಇಳಿಯುತ್ತೆ, ಸರಿಯಾಗಿ 1 ಇದ್ರೆ ಹಾಗೇ ಇರುತ್ತೆ. ನಮ್ಮ ಮೊದಲ ವರ್ಷದಲ್ಲೇ ನೋಡಿ, 180 ಭಾಗಿಸು 90 ಇದೆ, ಮಾರ್ಚ್ 31ಕ್ಕೆ 30 ಲಕ್ಷ ಕೊಟ್ಟುಬಿಟ್ರೆ 150 ಭಾಗಿಸು 60, 2.5. ಕಂಪನಿ ಕೈ ಪೂರ್ತಿ ಖಾಲಿ ಆಯ್ತು, ರೇಶಿಯೋ ಮಾತ್ರ ಏರ್ತು. ವರ್ಷಾಂತ್ಯಕ್ಕೆ ಹೀಗೆ ಮಾಡೋದನ್ನೇ ವಿಂಡೋ ಡ್ರೆಸ್ಸಿಂಗ್ ಅನ್ನೋದು. ಅದೇ 60 ಭಾಗಿಸು 90 ಇರೋ ಕಂಪನಿ 30 ಕೊಟ್ರೆ 30 ಭಾಗಿಸು 60, 0.67ರಿಂದ 0.50ಕ್ಕೆ ಬೀಳುತ್ತೆ.

ಫಿಕ್ಸೆಡ್ ಅಸೆಟ್ ಟರ್ನೋವರ್ ಬಗ್ಗೆನೂ ಒಂದು ಎಚ್ಚರಿಕೆ. ಇಲ್ಲಿ 4.6ರಿಂದ 5.8ಕ್ಕೆ ಏರಿದೆ, ‘ಆಸ್ತಿಯನ್ನ ಚೆನ್ನಾಗಿ ಬಳಸ್ತಿದ್ದಾರೆ’ ಅಂತ ಬರೆಯೋ ಮುಂಚೆ ಕೆಳಗಿನ ಅಂಕಿ ಡಿಪ್ರಿಸಿಯೇಶನ್‌ನಿಂದ ತಾನಾಗೇ ಕುಗ್ಗಿದೆ ಅನ್ನೋದನ್ನ ನೋಡಿ. ಹಳೇ ಗಾಡಿ, ಹಳೇ ಮಷೀನು ಇಟ್ಕೊಂಡು ಹೊಸದೇನೂ ಕೊಳ್ಳದ ಕಂಪನಿಗೆ ಈ ರೇಶಿಯೋ ಪ್ರತಿ ವರ್ಷ ಚೆಂದ ಆಗ್ತಾ ಹೋಗುತ್ತೆ.

ಹಾಗಾದ್ರೆ ಉತ್ತರ ಪತ್ರಿಕೇಲಿ ಇದನ್ನೆಲ್ಲಾ ಹೇಗೆ ಬರೆಯೋದು? ಐದು ಮಾರ್ಕ್ಸಿಗೆ ಇಷ್ಟು ಸಾಕು ಅನ್ಸುತ್ತೆ ನನಗೆ:

> ಕರೆಂಟ್ ರೇಶಿಯೋ 2.00ರಿಂದ 2.38ಕ್ಕೆ ಏರಿದೆ. ಆದರೆ ಈ ಏರಿಕೆ ಸ್ಟಾಕ್ (75ರಿಂದ 140) ಮತ್ತು ಡೆಟರ್ಸ್ (75ರಿಂದ 138) ಹೆಚ್ಚಳದಿಂದ ಬಂದಿದ್ದು, ಕ್ಯಾಶ್ 30ರಿಂದ 7ಕ್ಕೆ ಇಳಿದಿದೆ. ಸ್ಟಾಕ್ ಅವಧಿ 61ರಿಂದ 92 ದಿನಕ್ಕೆ, ವಸೂಲಿ ಅವಧಿ 46ರಿಂದ 70 ದಿನಕ್ಕೆ ಹೆಚ್ಚಿದೆ. ಈ ಹೆಚ್ಚಳಕ್ಕೆ ಬೇಕಾದ ಹಣದ ದೊಡ್ಡ ಭಾಗ ಟರ್ಮ್ ಲೋನ್‌ನಿಂದ ಬಂದಿದೆ. ಆದ್ದರಿಂದ ರೇಶಿಯೋ ಏರಿದ್ದರೂ ಅಲ್ಪಾವಧಿ ಪಾವತಿ ಸಾಮರ್ಥ್ಯ ಕುಗ್ಗಿದೆ. ಡೆಟರ್ಸ್ ಏಜಿಂಗ್ ಮತ್ತು ನಿಧಾನವಾಗಿ ಮಾರಾಟವಾಗುವ ಸ್ಟಾಕ್‌ನ ವಿವರ ಪರಿಶೀಲಿಸಬೇಕು.

ಏನು ಬದಲಾಯ್ತು, ಯಾವ ಅಂಕಿಯಿಂದ, ಅದನ್ನ ಇನ್ಯಾವ ರೇಶಿಯೋ ಒಪ್ಪುತ್ತೆ ಅಥವಾ ಒಪ್ಪಲ್ಲ, ಮುಂದೆ ಏನು ನೋಡಬೇಕು, ಇದೇ ಕ್ರಮ. ಬೇರೆ ಯಾವ ರೇಶಿಯೋ ಬಂದ್ರೂ ಇದೇ ಅಚ್ಚಲ್ಲಿ ಹಾಕಬಹುದು. ‘ಸ್ಯಾಟಿಸ್‌ಫ್ಯಾಕ್ಟರಿ’ ಅನ್ನೋ ಪದಾನ ಮಾತ್ರ ನಿಮ್ಮ ಪೆನ್ನಿಂದ ತೆಗೆದುಬಿಡಿ.

ಪ್ರಾಕ್ಟೀಸಿಗೆ ಗೈಡ್ ಹುಡುಕೋ ಬದಲು ಲಿಸ್ಟೆಡ್ ಕಂಪನಿಗಳ ವಾರ್ಷಿಕ ವರದಿ ತೆಗೀರಿ, ಪುಕ್ಕಟೆ ಸಿಗುತ್ತೆ. 2021ರ ಮಾರ್ಚಲ್ಲಿ ಕಂಪನಿ ಕಾಯ್ದೆಯ ಶೆಡ್ಯೂಲ್ 3ಕ್ಕೆ ತಿದ್ದುಪಡಿ ಆಯ್ತು, 2021ರ ಏಪ್ರಿಲ್ 1ರಿಂದ ಜಾರಿ, ಅದರ ಪ್ರಕಾರ ಕಂಪನಿಗಳು ಹನ್ನೊಂದು ರೇಶಿಯೋಗಳನ್ನ ಟಿಪ್ಪಣೀಲಿ ಕೊಡಬೇಕು, ಮೇಲೆ ಏನು ತಗೊಂಡ್ವಿ ಕೆಳಗೆ ಏನು ತಗೊಂಡ್ವಿ ಅಂತ ಹೇಳಬೇಕು, ಹೋದ ವರ್ಷಕ್ಕಿಂತ ಶೇ 25ಕ್ಕಿಂತ ಜಾಸ್ತಿ ಬದಲಾಗಿದ್ರೆ ಕಾರಣ ಬರೀಬೇಕು. ಆ ಕಾರಣದ ಕಾಲಂ ಅನ್ನೋದು ನಿಮ್ಮ ಪರೀಕ್ಷೆಯ ಉತ್ತರಾನೇ. ಕೆಲವರು ಒಂದೇ ಸಾಲಲ್ಲಿ ಅಚ್ಚುಕಟ್ಟಾಗಿ ಬರೆದಿರ್ತಾರೆ, ಕೆಲವರು ‘ಲಾಭ ಇಳಿದದ್ದರಿಂದ ಲಾಭದ ರೇಶಿಯೋ ಇಳಿದಿದೆ’ ಅಂತ ತೇಲಿಸಿರ್ತಾರೆ, ಎರಡೂ ಓದಿದ್ರೆ ವ್ಯತ್ಯಾಸ ಗೊತ್ತಾಗುತ್ತೆ.

ನಮ್ಮ ಪಂಪ್‌ಸೆಟ್ ಕಂಪನಿಗೇ ಆ ಶೇ 25ರ ಗೆರೆ ಹಾಕಿ ನೋಡಿ, ಮಜಾ ಇದೆ. ಕರೆಂಟ್ ರೇಶಿಯೋ ಬದಲಾಗಿದ್ದು ಶೇ 19, ಕಾರಣ ಬರೆಯೋ ಅಗತ್ಯಾನೇ ಇಲ್ಲ. ನೆಟ್ ಪ್ರಾಫಿಟ್ ರೇಶಿಯೋ ಶೇ 20 ಇಳಿಕೆ, ಆರ್‌ಓಸಿಇ ಶೇ 19 ಇಳಿಕೆ, ಅವೂ ತಪ್ಪಿಸ್ಕೊಂಡ್ವು. ಸಿಕ್ಕಿಬೀಳೋದು ಸ್ಟಾಕ್ ಟರ್ನೋವರ್, ಶೇ 34 ಇಳಿಕೆ. ಡೆಟರ್ಸ್ ಟರ್ನೋವರ್ 8ರಿಂದ 5.2ಕ್ಕೆ, ಶೇ 35 ಇಳಿಕೆ. ಡೆಟ್ ಈಕ್ವಿಟಿ, ಶೇ 50ರಷ್ಟು ಏರಿಕೆ. ಪರೀಕ್ಷೇಲಿ ಟೈಮ್ ಕಮ್ಮಿ ಇದ್ದು ಯಾವ ರೇಶಿಯೋ ಬಗ್ಗೆ ಜಾಸ್ತಿ ಬರೀಲಿ ಅಂತ ಗೊತ್ತಾಗದಿದ್ರೆ ಎಲ್ಲದರ ಪಕ್ಕ ಶೇಕಡಾ ಬದಲಾವಣೆ ಪೆನ್ಸಿಲಲ್ಲಿ ಹಾಕ್ಕೊಳ್ಳಿ, ಶೇ 25 ದಾಟಿದವುಗಳಿಂದ ಶುರು ಮಾಡಿ.